ಊಹಿಸ್ಕೋ ಅನ್ಬೇಡಿ, ಉರುಳಿಸು ಅನ್ನಿ

ಮೂರು ವ್ಯೂ ಇರೋ ಶೀಟ್ ಮುಂದಿಟ್ಕೊಂಡು ಏನೂ ತೋಚದೆ ಕೂತಿರೋ ಡಿಪ್ಲೊಮಾ ಹುಡುಗನಿಗೆ ನಾವು ಸೀನಿಯರ್‌ಗಳು ಹೇಳೋ ಮೊದಲ ಮಾತು ಒಂದೇ: "ಕಣ್ಣು ಮುಚ್ಕೊಂಡು ಊಹಿಸ್ಕೊಳೋ, ಬರುತ್ತೆ." ನಮಗೂ ಯಾರೋ ಹಾಗೇ ಹೇಳಿದ್ರು. ನಮ್ಮಲ್ಲಿ ಕೆಲವರಿಗೆ ಬಂತು, ಕೆಲವರಿಗೆ ಬರಲಿಲ್ಲ. ಬರದವರು "ನಮ್ಮ ತಲೆಗೆ ಡ್ರಾಯಿಂಗ್ ಹತ್ತಲ್ಲ" ಅಂತ ತೀರ್ಮಾನ ಮಾಡ್ಕೊಂಡು ಹೇಗೋ ಪಾಸಾದರು. ಈ ಮಾತು ತಪ್ಪು ಅನ್ನೋದು ಈಗ ನಮ್ಮ ಅಭಿಪ್ರಾಯ. ಮೂರು ವ್ಯೂ ಓದೋಕೆ ಕಲ್ಪನಾಶಕ್ತಿ ಬೇಕಾಗಿಲ್ಲ, ಲೆಕ್ಕ ಬರೆಯೋ ತಾಳ್ಮೆ ಸಾಕು. ಇದನ್ನ ನಮಗೆ ಕಲಿಸಿದ್ದು ಒಬ್ಬ ಪಾಲಿಟೆಕ್ನಿಕ್ ಹುಡುಗ.

ಅವನ ಮನೆ ಕಾಮಾಕ್ಷಿಪಾಳ್ಯದಲ್ಲಿ, ಅಪ್ಪ ಲೇತ್ ಕೆಲಸದವರು. ಮುಂದಿನ ವರ್ಷ ಡಿಸಿಇಟಿ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಹಾಗೆ ಬಿಇಗೆ ಬರಬೇಕು ಅನ್ನೋ ಆಸೆ. ಭಾನುವಾರ ಸಂಜೆ ವಿಜಯನಗರದ ನಮ್ಮ ರೂಮಿಗೆ ಬರ್ತಿದ್ದ. ಒಂದು ದಿನ ಲ್ಯಾಪ್‌ಟಾಪ್ ತೆರೆದು, "ಅಣ್ಣ, ಡೈಮೆನ್ಷನ್ ಎಲ್ಲ ಸರಿ ಹಾಕಿದೀನಿ, ಆದ್ರೂ ಸರ್ ತಪ್ಪು ಅಂದ್ರು" ಅಂತ ಮಾಡೆಲ್ ತೋರಿಸಿದ. ನಿಜ, ಡೈಮೆನ್ಷನ್ ಒಂದೂ ತಪ್ಪಿರಲಿಲ್ಲ. ವಸ್ತು ಮಾತ್ರ ಬೇರೆ ಆಗಿತ್ತು.

ಆ ಶೀಟನ್ನೇ ಇಲ್ಲಿ ಬಿಡಿಸಿ ಹೇಳ್ತೀವಿ. ಒಂದು ರಫ್ ಹಾಳೆ, ಪೆನ್ಸಿಲ್ ತಗೊಂಡು ಗೀಚ್ತಾ ಓದಿ, ಇಲ್ಲಾಂದ್ರೆ ಅರ್ಧ ದಾರಿಯಲ್ಲಿ ಕಳೆದುಹೋಗ್ತೀರ. ಎಲ್ಲ ಅಳತೆ ಮಿಲಿಮೀಟರ್‌ನಲ್ಲಿ.

ಫ್ರಂಟ್ ವ್ಯೂ ಅಂದ್ರೆ ಒಂದು ಎಲ್ ಆಕಾರ. ಒಟ್ಟು ಉದ್ದ 80, ಎತ್ತರ 60. ಎಡಗಡೆ ನಿಂತಿರೋ ಗೋಡೆ 20 ದಪ್ಪ, ಕೆಳಗಿನ ಪಟ್ಟಿ 20 ಎತ್ತರ. ಗೋಡೆ ಮತ್ತು ಪಟ್ಟಿ ಸೇರೋ ಮೂಲೆಯಲ್ಲಿ ಒಂದು ತ್ರಿಕೋನ. ಅದರ ಓರೆಗೆರೆ ಗೋಡೆಯ ಮೇಲೆ 50 ಎತ್ತರದಿಂದ ಹೊರಟು, ಎಡ ಅಂಚಿನಿಂದ 50 ದೂರದಲ್ಲಿ ಪಟ್ಟಿಯ ಮೇಲೆ ಇಳಿಯುತ್ತೆ. ಇನ್ನೊಂದು ಸಣ್ಣ ವಿಷಯ: ಪಟ್ಟಿಯ ಮೇಲೆ, ಎಡದಿಂದ 60 ದೂರದಲ್ಲಿ, ಕೆಳಗಿಂದ 20 ಎತ್ತರಕ್ಕೆ ಒಂದು ಲಂಬ ಗೆರೆ ಇದೆ. ಡ್ಯಾಶ್ ಅಲ್ಲ, ಪೂರ್ತಿ ಗೆರೆ.

ಟಾಪ್ ವ್ಯೂ ಫ್ರಂಟ್ ವ್ಯೂ ಕೆಳಗಿದೆ. 80 ಉದ್ದ, 50 ಅಗಲದ ಆಯತ, ಆದರೆ ಕೆಳಗಿನ ಬಲ ಮೂಲೆಯಲ್ಲಿ 20 ಉದ್ದ, 15 ಅಗಲದ ತುಂಡು ಕತ್ತರಿಸಿ ಹೋಗಿದೆ. ಎಡದಿಂದ 20ಕ್ಕೆ ಒಂದು ಗೆರೆ, ಅದು ಗೋಡೆಯ ಅಂಚು. ಆ ಗೆರೆಯಿಂದ ಬಲಕ್ಕೆ 30 ಉದ್ದ, 10 ಅಗಲದ ಒಂದು ಪಟ್ಟಿ, ಅಗಲದ ಸರಿ ಮಧ್ಯದಲ್ಲಿ.

ಸೈಡ್ ವ್ಯೂ ಫ್ರಂಟ್ ವ್ಯೂ ಬಲಕ್ಕಿದೆ. 50 ಅಗಲ, 60 ಎತ್ತರದ ಆಯತ. ಒಳಗೆ ಇರೋದೆಲ್ಲ ಡ್ಯಾಶ್ ಗೆರೆ. 20 ಎತ್ತರದಲ್ಲಿ ಅಡ್ಡ ಒಂದು. ಅದರ ಮೇಲೆ ಮಧ್ಯದಲ್ಲಿ 10 ಅಗಲದ ಡ್ಯಾಶ್ ಡಬ್ಬ, 50 ಎತ್ತರದವರೆಗೆ. ಕೆಳಗೆ ಬಲ ಅಂಚಿನಿಂದ 15 ಒಳಗೆ ಒಂದು ಲಂಬ ಡ್ಯಾಶ್, ಅದೂ 20 ಎತ್ತರದವರೆಗೆ ಮಾತ್ರ.

ಹುಡುಗ ಮಾಡಿದ್ದೇನು ಅಂದ್ರೆ, ಫ್ರಂಟ್ ವ್ಯೂನ ಹೊರ ಅಂಚನ್ನ ಓರೆಗೆರೆ ಸಮೇತ ಸ್ಕೆಚ್ ಹಾಕಿ ಒಂದೇ ಏಟಿಗೆ 50 ಎಕ್ಸ್‌ಟ್ರೂಡ್ ಕೊಟ್ಟಿದ್ದ. ಆಮೇಲೆ ಮೂಲೆಯ ತುಂಡು ಕಟ್ ಮಾಡಿದ್ದ, ಅದೂ ಹಿಂದಿನ ಮೂಲೆಯಲ್ಲಿ. ಅಂದ್ರೆ ಎರಡು ತಪ್ಪು. ನಾವು ಅವನಿಗೆ ಅರ್ಧ ಗಂಟೆ "ಊಹಿಸ್ಕೋ, ಊಹಿಸ್ಕೋ" ಅಂದ್ವಿ. ಅವನು ಕಣ್ಣು ಮುಚ್ಚಿದಾಗೆಲ್ಲ ಅವನಿಗೆ ಕಂಡಿದ್ದು ಅವನದೇ ತಪ್ಪು ಮಾಡೆಲ್! ಪಾಪ, ಅವನ ತಪ್ಪೇನಿಲ್ಲ. ಒಂದು ಸಲ ಮನಸ್ಸಲ್ಲಿ ಕೂತ ಆಕಾರ ಊಹೆಯಿಂದ ಎದ್ದು ಹೋಗಲ್ಲ.

ಕೊನೆಗೆ ನಾವು ಬಟ್ಟೆ ಸೋಪಿನ ಒಂದು ಬಾರ್ ತಂದು ಶೀಟ್ ಮೇಲೆ, ಫ್ರಂಟ್ ವ್ಯೂ ಮೇಲೇ ಮಲಗಿಸಿದ್ವಿ. ವಸ್ತುವಿನ ಮುಂಭಾಗ ಮೇಲೆ, ನಮ್ಮ ಕಣ್ಣಿಗೆ. ವಸ್ತುವಿನ ತಲೆ ಹಾಳೆಯ ಮೇಲಂಚಿನ ಕಡೆಗೆ. ಈಗ ಸೋಪನ್ನ ಬಲಕ್ಕೆ ಒಂದು ಮಗ್ಗುಲು ಉರುಳಿಸಿ. ಯಾವ ಮುಖ ಮೇಲೆ ಬಂತು? ಎಡಗಡೆಯದು. ಹಾಗಾಗಿ ಫ್ರಂಟ್ ವ್ಯೂ ಬಲಕ್ಕೆ ಇರೋದು ಎಡದಿಂದ ನೋಡಿದ ವ್ಯೂ. ಮತ್ತೆ ಮೊದಲಿನ ಜಾಗಕ್ಕೆ ತಂದು, ಈ ಸಲ ನಿಮ್ಮ ಕಡೆಗೆ, ಹಾಳೆಯ ಕೆಳಕ್ಕೆ ಉರುಳಿಸಿ. ತಲೆಯ ಮುಖ ಮೇಲೆ ಬಂತು. ಹಾಗಾಗಿ ಕೆಳಗಿರೋದು ಟಾಪ್ ವ್ಯೂ. ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್ ಅಂದ್ರೆ ಇಷ್ಟೇ, ಉರುಳಿಸೋದು. ಕ್ವಾಡ್ರಂಟು, ಎಚ್‌ಪಿ, ವಿಪಿ ಎಲ್ಲ ಆಮೇಲೆ ಹೇಳಿಕೊಡಬಹುದು.

ಉರುಳಿಸೋವಾಗ ಇನ್ನೊಂದನ್ನ ಗಮನಿಸಬೇಕು, ಹುಡುಗನ ಎರಡನೇ ತಪ್ಪು ಅಲ್ಲೇ ಇತ್ತು. ಮೊದಲು ಮೇಲಿದ್ದ ಮುಂಭಾಗ ಎಲ್ಲಿಗೆ ಹೋಯ್ತು? ಬಲಕ್ಕೆ ಉರುಳಿಸಿದಾಗ ಬಲಕ್ಕೆ ಹೋಯ್ತು, ಕೆಳಕ್ಕೆ ಉರುಳಿಸಿದಾಗ ಕೆಳಕ್ಕೆ ಹೋಯ್ತು. ಅಂದ್ರೆ ಟಾಪ್ ವ್ಯೂನಲ್ಲೂ ಸೈಡ್ ವ್ಯೂನಲ್ಲೂ ಫ್ರಂಟ್ ವ್ಯೂಗೆ ಹತ್ತಿರ ಇರೋ ಅಂಚು ವಸ್ತುವಿನ ಹಿಂಭಾಗ, ದೂರ ಇರೋದು ಮುಂಭಾಗ. ಟಾಪ್ ವ್ಯೂನ ಕೆಳ ಮೂಲೆಯಲ್ಲಿ ಕತ್ತರಿಸಿದ್ದು ಮುಂದಿನ ಮೂಲೆ. ಸೈಡ್ ವ್ಯೂನಲ್ಲಿ ಬಲ ಅಂಚಿನಿಂದ 15 ಒಳಗಿರೋ ಡ್ಯಾಶ್ ಕೂಡ ಅದನ್ನೇ ಹೇಳ್ತಿದೆ. ಥರ್ಡ್ ಆ್ಯಂಗಲ್‌ನಲ್ಲಿ ಇದು ಉಲ್ಟಾ, ಹತ್ತಿರ ಇರೋದೇ ಮುಂಭಾಗ. ಯೂಟ್ಯೂಬ್ ನೋಡಿ ಕಲಿತ ಹುಡುಗ, ಅಲ್ಲಿನ ಅಮೆರಿಕದ ಪಾಠಗಳಲ್ಲಿ ಥರ್ಡ್ ಆ್ಯಂಗಲ್. ನಮ್ಮ ಬಿಐಎಸ್‌ನ ಎಸ್‌ಪಿ 46 ಫಸ್ಟ್ ಆ್ಯಂಗಲ್ ಅನ್ನುತ್ತೆ. ಅವನು ಎರಡನ್ನೂ ಕಲಸಿಬಿಟ್ಟಿದ್ದ.

ಇನ್ನು ಮೊದಲ ತಪ್ಪಿಗೆ ಬರೋಣ, ಅದೇ ದೊಡ್ಡದು. ಓರೆಗೆರೆ ನೋಡಿದ ತಕ್ಷಣ ಪೂರ್ತಿ 50 ಅಗಲಕ್ಕೂ ಇಳಿಜಾರು ಇದೆ ಅಂತ ಯಾಕೆ ಅನ್ನಿಸುತ್ತೆ? ಯಾಕಂದ್ರೆ ನಾವು ಫ್ರಂಟ್ ವ್ಯೂನ ಒಂದು ಚಿತ್ರ ಅಂತ ನೋಡ್ತೀವಿ. ಅದು ಚಿತ್ರ ಅಲ್ಲ, ಬೇರೆ ಬೇರೆ ಆಳದಲ್ಲಿರೋ ಮುಖಗಳನ್ನ ಒಂದರ ಮೇಲೊಂದು ಅಂಟಿಸಿದ ಹಾಳೆ. ಆ ಮುಖಗಳನ್ನ ಒಂದೊಂದಾಗಿ ಕಿತ್ತು ಎಷ್ಟು ಆಳದಲ್ಲಿದೆ ಅಂತ ಬರೀಬೇಕು.

ಫ್ರಂಟ್ ವ್ಯೂನಲ್ಲಿ ಗೆರೆಗಳಿಂದ ಮುಚ್ಚಿದ ಜಾಗ ಎಷ್ಟಿವೆ, ಎಣಿಸಿ. ಮೂರು. ಒಂದು, ಎಡ ಅಂಚಿನಿಂದ 60ರವರೆಗಿನ ದೊಡ್ಡ ಎಲ್. ಎರಡು, 60ರಿಂದ 80ರವರೆಗಿನ ಪುಟ್ಟ ಚೌಕ. ಮೂರು, 20ರಿಂದ 50ರವರೆಗಿನ ತ್ರಿಕೋನ. ಮೂರಕ್ಕೂ ಬೇರೆ ಬೇರೆ ಬಣ್ಣ ಬಳೀರಿ. ಅಕ್ಕಪಕ್ಕದ ಎರಡು ಜಾಗದ ನಡುವೆ ಪೂರ್ತಿ ಗೆರೆ ಇದೆ ಅಂದ್ರೆ ಅವೆರಡು ಒಂದೇ ಸಮತಲದಲ್ಲಿ ಇಲ್ಲ. ಒಂದೇ ಸಮತಲದಲ್ಲಿದ್ದಿದ್ರೆ ನಡುವೆ ಗೆರೆ ಬರೋ ಕಾರಣವೇ ಇಲ್ಲ. ಇಷ್ಟು ಹೇಳಿದ್ದೇ ಹುಡುಗ ತಡೆದ: "ಹಾಗಾದ್ರೆ ಅಣ್ಣ, ನನ್ನ ಮಾಡೆಲ್‌ನಲ್ಲಿ ತ್ರಿಕೋನಕ್ಕೂ ಎಲ್‌ಗೂ ನಡುವೆ ಗೆರೆನೇ ಬರಲ್ವಲ್ಲ?" ಬರಲ್ಲ. ಅವನ ಮಾಡೆಲ್ ಮುಂದಿಂದ ನೋಡಿದ್ರೆ ಎರಡೂ ಸೇರಿ ಒಂದೇ ಮುಖ. ಶೀಟ್‌ನಲ್ಲಿ ಗೆರೆ ಇದೆ. ಅಲ್ಲಿಗೆ ಅವನ ಮಾಡೆಲ್ ತಪ್ಪು ಅಂತ ಸಾಬೀತು, ಯಾರೂ ಏನೂ ಊಹಿಸಬೇಕಾಗಿಲ್ಲ.

ಈಗ ಆಳ ಹುಡುಕೋದು. ಒಂದು ಸಮತಟ್ಟು ಮುಖ ಬೇರೆ ವ್ಯೂಗೆ ಹೋದಾಗ ಎರಡರಲ್ಲಿ ಒಂದು ಆಗುತ್ತೆ: ಅಷ್ಟೇ ಮೂಲೆಗಳಿರೋ ಜಾಗವಾಗಿ ಕಾಣುತ್ತೆ, ಇಲ್ಲಾಂದ್ರೆ ಅಂಚಿನಿಂದ ನೋಡಿದ ಹಾಗೆ ಒಂದು ಗೆರೆ ಆಗುತ್ತೆ. ತ್ರಿಕೋನ ತಗೊಳ್ಳಿ. ಟಾಪ್ ವ್ಯೂನಲ್ಲಿ ಎಲ್ಲೂ ತ್ರಿಕೋನ ಇಲ್ಲ. ಹಾಗಾದ್ರೆ ಅದು ಅಲ್ಲಿ ಗೆರೆ ಆಗಿರಲೇಬೇಕು, ಮತ್ತು ಆ ಗೆರೆ ಸರಿಯಾಗಿ 20ರಿಂದ 50ರವರೆಗೆ ಇರಬೇಕು, ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಫ್ರಂಟ್ ವ್ಯೂನಿಂದ ಎರಡು ಲಂಬ ಗೆರೆ ಕೆಳಗೆ ಇಳಿಸಿ ಹುಡುಕಿ. ಮುಂದಿನ ಅಂಚಿನ ಗೆರೆ 0ಯಿಂದ 60ರವರೆಗಿದೆ, ಅದಲ್ಲ. ಮುಂದಿನಿಂದ 20 ಒಳಗೆ ಒಂದು ಗೆರೆ, 20ರಿಂದ 50ರವರೆಗೆ. ಸಿಕ್ತು. 30ರಲ್ಲೂ ಅಂಥದ್ದೇ ಗೆರೆ ಇದೆ, ಅದು ಅದೇ ತ್ರಿಕೋನದ ಬೆನ್ನು. ಅಂದ್ರೆ ತ್ರಿಕೋನ 10 ದಪ್ಪದ ರಿಬ್, ಮಧ್ಯದಲ್ಲಿ ನಿಂತಿದೆ, ಎರಡೂ ಪಕ್ಕ 20 ಖಾಲಿ.

ಇದೇ ಲೆಕ್ಕ ಉಳಿದೆರಡಕ್ಕೂ. ಎಲ್ ಮುಖ 0ಯಿಂದ 60ರವರೆಗೆ ಇರೋದ್ರಿಂದ ಅದು ಮುಂದಿನ ಅಂಚಿನ ಗೆರೆ, ಆಳ ಸೊನ್ನೆ. ಚೌಕ 60ರಿಂದ 80ರವರೆಗೆ, ಟಾಪ್ ವ್ಯೂನಲ್ಲಿ ಅಷ್ಟೇ ಉದ್ದದ ಗೆರೆ 15 ಒಳಗಿದೆ, ಆಳ 15. ಹುಡುಗ ಶೀಟ್ ಮೇಲೇ ಮೂರು ಬಣ್ಣದ ಒಳಗೆ 0, 15, 20 ಅಂತ ಬರೆದ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಅಪ್ಪನ ಜಾಬ್ ಕಾರ್ಡ್ ಥರ ಇದೆ" ಅಂದ. ಅವನಿಗೆ ಗೊತ್ತಿದ್ದ ಭಾಷೆ ಅದು. ಎಷ್ಟು ಆಳ ಹೊಡೀಬೇಕು ಅಂತ ಬರೆದುಕೊಟ್ಟರೆ ಅವನು ಮಿಲ್ಲಿಂಗ್ ಮಷೀನ್‌ನಲ್ಲೇ ತೆಗೀತಾನೆ. ನಾವು ಅವನ ಹತ್ತಿರ ಅರ್ಧ ಗಂಟೆ ಕವಿತೆ ಕೇಳ್ತಿದ್ವಿ.

ಓರೆ ಮುಖದ ಬಗ್ಗೆ ಒಂದು ಮಾತು. ರಿಬ್‌ನ ಇಳಿಜಾರು ಫ್ರಂಟ್ ವ್ಯೂನಲ್ಲಿ ಗೆರೆ, ಟಾಪ್ ವ್ಯೂನಲ್ಲಿ 30 ಉದ್ದ 10 ಅಗಲದ ಆಯತ, ಸೈಡ್ ವ್ಯೂನಲ್ಲಿ 30 ಎತ್ತರ 10 ಅಗಲದ ಆಯತ. ಹುಡುಗ "ಹಾಗಾದ್ರೆ ಇಳಿಜಾರಿನ ಉದ್ದ 30" ಅಂದ. ಅಲ್ಲ. ಎರಡು ವ್ಯೂನಲ್ಲಿ ಜಾಗವಾಗಿ, ಮೂರನೇದರಲ್ಲಿ ಓರೆಗೆರೆಯಾಗಿ ಕಂಡರೆ ಆ ಜಾಗಗಳು ಎರಡೂ ಕುಗ್ಗಿದವು. ನಿಜವಾದ ಉದ್ದ ಓರೆಗೆರೆಯದ್ದು, ಸುಮಾರು 42.4. ಟಾಪ್ ವ್ಯೂನಲ್ಲಿ ಒಂದು ಆಯತ ಕಂಡಾಗ ಅದು ಸಮತಟ್ಟೋ ಇಳಿಜಾರೋ ಅಂತ ಆ ವ್ಯೂ ಒಂದರಿಂದಲೇ ಹೇಳೋಕೆ ಯಾರಿಗೂ ಸಾಧ್ಯವಿಲ್ಲ, ಪ್ರೊಫೆಸರ್‌ಗೂ ಇಲ್ಲ.

ಡ್ಯಾಶ್ ಗೆರೆಗಳನ್ನ ಹೆಚ್ಚಿನವರು ಕಿರಿಕಿರಿ ಅಂತ ಬಿಟ್ಟುಬಿಡ್ತಾರೆ. ನಮ್ಮ ಮಟ್ಟಿಗೆ ಈ ಶೀಟ್‌ನಲ್ಲಿ ಅತಿ ಹೆಚ್ಚು ಸಾಕ್ಷಿ ಹೇಳೋದು ಅವೇ. ಸೈಡ್ ವ್ಯೂನಲ್ಲಿ ರಿಬ್ ಡ್ಯಾಶ್ ಆಗಿದೆ ಅಂದ್ರೆ ನೋಡೋರಿಗೂ ರಿಬ್‌ಗೂ ನಡುವೆ ಏನೋ ಅಡ್ಡ ಇದೆ. ಅಡ್ಡ ಇರಬಹುದಾದ್ದು ಎಡಗಡೆಯ ಗೋಡೆ ಮಾತ್ರ. ಹಾಗಾದ್ರೆ ಇದು ಎಡದಿಂದ ನೋಡಿದ ವ್ಯೂ, ಅದು ಬಲಕ್ಕಿದೆ, ಆದ್ದರಿಂದ ಫಸ್ಟ್ ಆ್ಯಂಗಲ್. ಮೂಲೆಯಲ್ಲಿ ಪ್ರೊಜೆಕ್ಷನ್ ಚಿಹ್ನೆ ಹಾಕದಿದ್ರೂ ಶೀಟ್ ತಾನೇ ಒಪ್ಪಿಕೊಳ್ಳುತ್ತೆ. ಅದೇ ರೀತಿ ಫ್ರಂಟ್ ವ್ಯೂನ ಆ 60ರ ಗೆರೆ. ತುಂಡು ಹಿಂದಿನ ಮೂಲೆಯಲ್ಲಿ ಹೋಗಿದ್ರೆ ಮುಂದಿಂದ ಅದು ಕಾಣ್ತಿರಲಿಲ್ಲ, ಡ್ಯಾಶ್ ಆಗಿರ್ತಿತ್ತು. ಪೂರ್ತಿ ಗೆರೆ ಇದೆ, ಅಂದ್ರೆ ಕತ್ತರಿಸಿದ್ದು ಮುಂದೆ.

ಚಿಹ್ನೆ ಇದ್ದರೆ ಅದನ್ನೂ ಓದಬಹುದು, ಬಾಯಿಪಾಠ ಬೇಡ. ತುದಿ ಮೊಟಕಾದ ಶಂಕು, ಪಕ್ಕದಲ್ಲಿ ಎರಡು ವೃತ್ತ, ಎರಡೂ ಪೂರ್ತಿ ಗೆರೆ. ಎರಡೂ ಕಾಣಬೇಕಾದ್ರೆ ಸಣ್ಣ ತುದಿ ಕಡೆಯಿಂದ ನೋಡಿರಬೇಕು. ಆ ವೃತ್ತಗಳು ಸಣ್ಣ ತುದಿ ಪಕ್ಕದಲ್ಲೇ ಇದ್ದರೆ ಥರ್ಡ್ ಆ್ಯಂಗಲ್, ಉರುಳಿ ದೊಡ್ಡ ತುದಿ ಪಕ್ಕಕ್ಕೆ ಹೋಗಿದ್ದರೆ ಫಸ್ಟ್ ಆ್ಯಂಗಲ್.

ಇಷ್ಟಾದ ಮೇಲೆ ಸಾಫ್ಟ್‌ವೇರ್. ಸಾಲಿಡ್ ಎಡ್ಜ್ ಇರಲಿ, ಫ್ರೀಕ್ಯಾಡ್ ಇರಲಿ, ಕೆಲಸ ಹತ್ತು ನಿಮಿಷದ್ದು. ಮೊದಲು ಬರೀ ಎಲ್, ತ್ರಿಕೋನ ಇಲ್ಲದೆ, 60ರ ಗೆರೆಯೂ ಇಲ್ಲದೆ, ಉದ್ದ ಪೂರ್ತಿ 80. ಅದನ್ನ ಒಂದೇ ಕಡೆಗೆ 50 ಎಳೆಯೋ ಬದಲು ಸಿಮೆಟ್ರಿಕ್ ಕೊಟ್ಟು ಎರಡೂ ಕಡೆಗೆ 25, 25 ಎಳೀರಿ. ಹೀಗೆ ಮಾಡಿದ್ರೆ ಸ್ಕೆಚ್ ಹಾಕಿದ ಪ್ಲೇನ್ ವಸ್ತುವಿನ ಸರಿ ಮಧ್ಯದಲ್ಲಿ ಉಳಿಯುತ್ತೆ, ರಿಬ್‌ನ ತ್ರಿಕೋನವನ್ನ ಅದೇ ಪ್ಲೇನ್ ಮೇಲೆ ಹಾಕಿ ಮತ್ತೆ ಸಿಮೆಟ್ರಿಕ್ 10 ಕೊಟ್ಟರೆ ಮುಗೀತು. ಬೇರೆ ಪ್ಲೇನ್ ಮಾಡಿ 25 ಸರಿಸೋ ಗೋಜಿಲ್ಲ, ನಾಳೆ ಅಗಲ 60 ಆದರೂ ರಿಬ್ ಮಧ್ಯದಲ್ಲೇ ಇರುತ್ತೆ. ಕೊನೆಗೆ ಪಟ್ಟಿಯ ಮೇಲ್ಮುಖದಲ್ಲಿ 20, 15ರ ಆಯತ, ಮುಂದಿನ ಬಲ ಮೂಲೆಗೆ ಅಂಟಿಸಿ, ಥ್ರೂ ಆಲ್ ಕಟ್. ಮೂಲೆಯ ತುಂಡನ್ನ ಕೊನೆಗೆ ಇಡೋದು ಯಾಕಂದ್ರೆ ಕೈ ಎಡ-ಬಲ ತಪ್ಪೋದು ಅಲ್ಲೇ. ಉಳಿದ ವಸ್ತು ಮುಂದೆ-ಹಿಂದೆ ಒಂದೇ ಥರ, ಈ ಒಂದು ತುಂಡೇ ಅದಕ್ಕೆ ಮುಂದು ಯಾವುದು ಅಂತ ಹೇಳೋದು.

ಮಾಡೆಲ್ ಆಯ್ತು. ಸರಿಯಿದೆಯಾ ಅಂತ ಹೇಗೆ ತಿಳಿಯೋದು? ನಮ್ಮಲ್ಲೇ ಒಬ್ಬರು "ಮಾಸ್ ಪ್ರಾಪರ್ಟೀಸ್ ನೋಡು, ಸಾಕು" ಅಂದ್ರು. ಲೆಕ್ಕ ಹಾಕಿದ್ವಿ. ಪಟ್ಟಿ 80,000 ಘನ ಮಿಲಿಮೀಟರ್, ಗೋಡೆಯ ಉಳಿದ ಭಾಗ 40,000, ರಿಬ್ 4,500, ಕಳೆದದ್ದು 6,000. ಒಟ್ಟು 1,18,500. ಉಕ್ಕಿನಲ್ಲಿ ಸುಮಾರು 930 ಗ್ರಾಂ. ಹುಡುಗನ ಮೊದಲ ಮಾಡೆಲ್ 1,36,500, ಅಂದ್ರೆ ಸುಮಾರು 1,072 ಗ್ರಾಂ. ಇಳಿಜಾರಿನ ತಪ್ಪು ಇಲ್ಲಿ ಸಿಕ್ಕಿಬಿತ್ತು. ಆದರೆ ತುಂಡನ್ನ ಹಿಂದಿನ ಮೂಲೆಯಲ್ಲಿ ಕತ್ತರಿಸಿದ ಮಾಡೆಲ್ ತೂಕ? ಅದೂ 930. ಕನ್ನಡಿಯಲ್ಲಿ ಕಂಡ ವಸ್ತುವಿಗೂ ಅಷ್ಟೇ ತೂಕ, ಅಷ್ಟೇ ಡೈಮೆನ್ಷನ್. ವರ್ನಿಯರ್ ಇಟ್ಟು ಅಳೆದ್ರೂ ಎಲ್ಲ ಓಕೆ. ಮಾಗಡಿ ರೋಡಿನ ಪಕ್ಕದ ಒಂದು ಶೆಡ್‌ನಲ್ಲಿ ಹೀಗೇ ಒಂದು ಲಾಟ್ ಪೂರ್ತಿ ಎಡಗೈ ಪೀಸ್ ಆಗಿ ಹೋಗಿದ್ದನ್ನ ಹುಡುಗನ ಅಪ್ಪ ನೋಡಿದ್ರಂತೆ. ಒಂದೊಂದು ಅಳತೆಯೂ ಸರಿ ಇತ್ತಂತೆ, ಆದರೆ ಜೋಡಿಸೋವಾಗ ಬೋಲ್ಟ್ ಹಾಕೋ ಜಾಗಕ್ಕೆ ಗೋಡೆ ಅಡ್ಡ ಬಂತಂತೆ.

ಹಾಗಾಗಿ ನಮ್ಮ ಹಟ ಒಂದೇ: ಮಾಡೆಲ್‌ನಿಂದ ಮತ್ತೆ ಮೂರು ವ್ಯೂ ತೆಗೆದು, ಹಿಡನ್ ಲೈನ್ ಆನ್ ಮಾಡಿ, ಪ್ರಿಂಟ್ ಶೀಟ್ ಪಕ್ಕ ಇಟ್ಟು ಗೆರೆಗೆ ಗೆರೆ ಟಿಕ್ ಹಾಕಬೇಕು. ಗೆರೆ ಇದೆಯಾ ಅಂತ ಮಾತ್ರ ಅಲ್ಲ, ಪೂರ್ತಿಯಾ ಡ್ಯಾಶಾ ಅಂತಲೂ. ಕನ್ನಡಿ ತಪ್ಪು ಆಗಿದ್ರೆ 60ರ ಗೆರೆ ಡ್ಯಾಶ್ ಆಗಿ ಬಂದು ಅಲ್ಲೇ ಕಣ್ಣಿಗೆ ಹೊಡೆಯುತ್ತೆ. ಇಲ್ಲೊಂದು ಗುಂಡಿ ಇದೆ. ಆನ್ಸಿ ಟೆಂಪ್ಲೇಟ್ ತೆರೆದಿದ್ರೆ ಸಾಫ್ಟ್‌ವೇರ್ ಥರ್ಡ್ ಆ್ಯಂಗಲ್‌ನಲ್ಲಿ ವ್ಯೂ ಕೊಡುತ್ತೆ. ಆಗ ಬಲಕ್ಕೆ ಬರೋದು ಬಲದಿಂದ ನೋಡಿದ ವ್ಯೂ, ರಿಬ್ ಪೂರ್ತಿ ಗೆರೆಯಲ್ಲಿ ಕಾಣುತ್ತೆ. ಗಾಬರಿಯಾಗಿ ಸರಿ ಇರೋ ಮಾಡೆಲ್ ಕೆಡಿಸಿಕೊಂಡವರು ನಮ್ಮ ಬ್ಯಾಚ್‌ನಲ್ಲೇ ಇದ್ದಾರೆ. ಮೊದಲು ಟೆಂಪ್ಲೇಟ್ ನೋಡಿ, ಆಮೇಲೆ ಮಾಡೆಲ್ ಮುಟ್ಟಿ.

"ಈಗ ಎಲ್ಲರೂ ತ್ರೀಡಿ ಫೈಲೇ ಕಳಿಸ್ತಾರೆ, ವ್ಯೂ ಓದೋದು ಯಾಕೆ?" ಅಂತ ನಮ್ಮ ಕ್ಲಾಸ್‌ನಲ್ಲೇ ವಾದ ಮಾಡೋರಿದ್ದಾರೆ. ದೊಡ್ಡ ಕಂಪನಿಯ ಡಿಸೈನ್ ಆಫೀಸ್‌ನಲ್ಲಿ ಅದು ನಿಜ ಇರಬಹುದು. ಕಾಮಾಕ್ಷಿಪಾಳ್ಯದ ಶೆಡ್‌ಗೆ ಬರೋದು ವಾಟ್ಸ್ಆ್ಯಪ್‌ನಲ್ಲಿ ಒಂದು ಪಿಡಿಎಫ್, ಇಲ್ಲಾಂದ್ರೆ ಎಣ್ಣೆ ಹತ್ತಿದ ಜೆರಾಕ್ಸ್. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದ ಜಿಟಿಟಿಸಿ ಇರೋದು ಇಲ್ಲೇ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ. ಟೂಲ್ ಅಂಡ್ ಡೈ ಡಿಪ್ಲೊಮಾ ಓದೋ ಹುಡುಗರು ಅಲ್ಲಿದ್ದಾರೆ. ನಂಬಿಕೆ ಬರದಿದ್ರೆ ಒಂದು ಡೈ ಡ್ರಾಯಿಂಗ್ ಹಿಡ್ಕೊಂಡು ಅವರ ಜೊತೆ ಅರ್ಧ ಗಂಟೆ ಕೂತು ನೋಡಿ.

ಈ ಲೆಕ್ಕದ ವಿಧಾನಕ್ಕೂ ಮಿತಿ ಇದೆ, ಮುಚ್ಚಿಡಲ್ಲ. ಮುಖ ಬಾಗಿದ್ದರೆ "ಅಷ್ಟೇ ಮೂಲೆಗಳಿರೋ ಜಾಗ ಅಥವಾ ಗೆರೆ" ಅನ್ನೋ ನಿಯಮ ಕೈಕೊಡುತ್ತೆ. ಮಲಗಿಸಿದ ಸಿಲಿಂಡರ್ ಎರಡು ವ್ಯೂನಲ್ಲಿ ಆಯತ, ಪೆಟ್ಟಿಗೆಯೂ ಆಯತ. ವೃತ್ತ ಕಾಣೋ ಮೂರನೇ ವ್ಯೂ ಹುಡುಕಿ ಅಲ್ಲಿಂದಲೇ ಶುರು ಮಾಡಬೇಕು. ಸಮತಟ್ಟು ಮುಖ ನುಣ್ಣಗೆ ಬಾಗಿಗೆ ಸೇರೋ ಕಡೆ ಗೆರೆಯೇ ಬರಲ್ಲ, ಅಲ್ಲಿ ಗೆರೆ ಇಲ್ಲ ಅಂದ್ರೆ ಒಂದೇ ಸಮತಲ ಅನ್ನೋ ಹಾಗಿಲ್ಲ. ಆದರೆ ಹುಡುಗರು ಮೊದಲ ತಿಂಗಳು ಎಡವೋದು ಬಾಗಿದ ಮುಖದಲ್ಲಿ ಅಲ್ಲ, ಇಂಥ ಎಲ್, ರಿಬ್, ಮೂಲೆಯಲ್ಲೇ.

ಹೋದ ಭಾನುವಾರ ಹುಡುಗ ಇನ್ನೊಂದು ಶೀಟ್ ತಂದಿದ್ದ, ಚಿಹ್ನೆ ಇರಲಿಲ್ಲ. ಸೋಪು ಕೇಳಲಿಲ್ಲ. ಸ್ಕೆಚ್ ಪೆನ್‌ನಲ್ಲಿ ಐದು ಬಣ್ಣ ಬಳಿದು, ನಾಲ್ಕರಲ್ಲಿ ಆಳ ಬರೆದು, ಐದನೇದರ ಮೇಲೆ ಪ್ರಶ್ನೆ ಚಿಹ್ನೆ ಹಾಕಿ ನಮ್ಮ ಕಡೆ ತಳ್ಳಿದ. "ಅಣ್ಣ, ಈ ಜಾಗಕ್ಕೆ ಸರಿಹೊಂದೋ ಗೆರೆ ಟಾಪ್ ವ್ಯೂನಲ್ಲೇ ಇಲ್ಲ. ಡ್ರಾಯಿಂಗ್ ಮಾಡಿದೋರೇ ಒಂದು ಗೆರೆ ಬಿಟ್ಟಿದಾರೆ." ನಾವು ಮೂರು ಜನ ಇಪ್ಪತ್ತು ನಿಮಿಷ ಹುಡುಕಿದ್ವಿ. ಗೆರೆ ನಿಜಕ್ಕೂ ಬಿಟ್ಟುಹೋಗಿತ್ತು.